ಪ್ರವಾಸಿ ಬೋಟು, ವಾಹನಗಳಿಗೆ ಒಂದೇ ಸರಣಿಯ ಹೆಸರು: ಆಯ್ಕೆಯ ಕ್ರಮ



ನಮ್ಮ ಗಡಿ ಊರುಗಳಲ್ಲಿ ಟೆಂಪೊ ಟ್ರಾವೆಲರ್, ಜೀಪು, ಹೌಸ್‌ಬೋಟ್ ಇಟ್ಟುಕೊಂಡು ಪ್ರವಾಸಿಗರನ್ನು ಕರೆದೊಯ್ಯುವವರು ಅನೇಕರಿದ್ದಾರೆ. ಒಂದೇ ಬೋಟು ಇದ್ದಾಗ ಮನೆದೇವರ ಹೆಸರೋ ಮಗಳ ಹೆಸರೋ ಸಾಕಾಗುತ್ತದೆ. ಐದಾರು ಆದ ಮೇಲೆ ಹೆಸರು ಕೆಲಸ ಮಾಡಬೇಕಾಗುತ್ತದೆ. ರಾತ್ರಿ ಹಿನ್ನೀರಿನ ನಡುವೆ ಎಂಜಿನ್ ನಿಂತು ಬೋಟಿನವರು ಫೋನ್ ಮಾಡಿದರೆ, ಯಾವ ಬೋಟು ಎಂಬುದು ಒಂದೇ ಸಲಕ್ಕೆ ತಿಳಿಯಬೇಕು. ಹೆಸರು ತಪ್ಪಾಗಿ ಕೇಳಿಸಿದರೆ ಸಹಾಯ ಬೇರೆ ಕಡೆಗೆ ಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಒಂದೇ ವಿಷಯದಿಂದ ಆರಿಸಬೇಕು, ಆದರೂ ಒಂದರಂತೆ ಇನ್ನೊಂದು ಕೇಳಿಸಬಾರದು. ಈ ಎರಡನ್ನೂ ಸಾಧಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಹೆಸರು ವರ್ಗಕ್ಕೋ, ಒಂದೊಂದು ವಾಹನಕ್ಕೋ?

ಮೊದಲು ಇದನ್ನು ನಿರ್ಧರಿಸಬೇಕು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಐರಾವತ, ರಾಜಹಂಸ, ಅಂಬಾರಿ, ಪಲ್ಲಕ್ಕಿ ಎಲ್ಲರಿಗೂ ಗೊತ್ತು. ಇವೆಲ್ಲ ಅರಮನೆ, ಉತ್ಸವಗಳ ನೆನಪು ತರುವ ಒಂದೇ ಬಗೆಯ ಹೆಸರುಗಳು. ಆದರೆ ಐರಾವತ ಎಂದರೆ ಒಂದು ಬಸ್ಸಲ್ಲ, ಒಂದು ದರ್ಜೆ. ನಿಮ್ಮಲ್ಲಿ ಎ.ಸಿ. ಇರುವ ಗಾಡಿ, ಇಲ್ಲದ ಗಾಡಿ ಎಂದು ಎರಡು ಬಗೆ ಇದ್ದು, ದರವೂ ಬೇರೆಯಾಗಿದ್ದರೆ ಈ ಕ್ರಮ ಸರಿ. ಎಲ್ಲವೂ ಒಂದೇ ಬಗೆಯಾಗಿದ್ದರೆ ಒಂದೊಂದಕ್ಕೂ ಹೆಸರು ಕೊಡಬೇಕು. ಎರಡನ್ನೂ ಬೆರೆಸಿದರೆ ಬುಕಿಂಗ್ ಮಾಡುವವರಿಗೆ ತಾವು ಹಣ ಕೊಟ್ಟದ್ದು ಯಾವುದಕ್ಕೆಂದು ತಿಳಿಯುವುದಿಲ್ಲ.

ಹೆಸರು ಬೇರೆಯವರ ಬಳಕೆಯಲ್ಲಿದೆಯೇ ಎಂದೂ ನೋಡಬೇಕು. ಅಂಬಾರಿ ಎಂಬುದು ಸಾರಿಗೆ ನಿಗಮದ ಮಲಗುವ ಬಸ್ಸಿನ ಹೆಸರು. ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಮೈಸೂರಿನಲ್ಲಿ ಓಡಿಸುವ ತೆರೆದ ಮಾಳಿಗೆಯ ಡಬಲ್ ಡೆಕ್ಕರ್ ಬಸ್ಸಿಗೂ ಅದೇ ಹೆಸರು. ಎರಡೂ ಸರ್ಕಾರದ್ದೇ ಆದ್ದರಿಂದ ನಡೆದುಹೋಗುತ್ತದೆ. ಸಣ್ಣ ವ್ಯವಹಾರದವರಿಗೆ ಇಂಥ ಗೊಂದಲ ದುಬಾರಿ.

ಸುವರ್ಣ ರಥದಿಂದ ಕಲಿಯುವುದು

ಒಂದೊಂದಕ್ಕೂ ಹೆಸರು ಕೊಟ್ಟ ಒಳ್ಳೆಯ ಉದಾಹರಣೆ 2008ರಲ್ಲಿ ಆರಂಭವಾದ ಸುವರ್ಣ ರಥ, ಅಂದರೆ ಗೋಲ್ಡನ್ ಚಾರಿಯಟ್ ರೈಲು. ಇದಕ್ಕೆ ಹಂಪಿಯ ಕಲ್ಲಿನ ರಥದ ಹೆಸರು. ಪ್ರವಾಸಿಗರು ತಂಗುವ ಹನ್ನೊಂದು ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ, ಗಂಗ, ಚಾಲುಕ್ಯ, ಬಹಮನಿ, ಆದಿಲ್‌ಶಾಹಿ, ಸಂಗಮ, ಶಾತವಾಹನ, ಯದುಕುಲ, ವಿಜಯನಗರ ಎಂದು ಈ ನಾಡನ್ನು ಆಳಿದವರ ಹೆಸರುಗಳು. ಊಟದ ಬೋಗಿ, ಆರೋಗ್ಯದ ಬೋಗಿಗಳಿಗೆ ಮಾತ್ರ ರುಚಿ, ಆರೋಗ್ಯ ಎಂದು ಅವುಗಳ ಕೆಲಸದ ಹೆಸರುಗಳನ್ನೇ ಇಟ್ಟಿದ್ದಾರೆ. ಹಾಗಾಗಿ ಯಾವುದು ಮಲಗುವ ಬೋಗಿ, ಯಾವುದು ಅಲ್ಲ ಎಂಬುದು ಹೆಸರಿನಲ್ಲೇ ತಿಳಿಯುತ್ತದೆ.

ಇಲ್ಲಿ ಮೇಲು ಕೀಳಿನ ಪ್ರಶ್ನೆ ಏಳುವುದಿಲ್ಲ. ಕದಂಬದಲ್ಲಿ ಕೋಣೆ ಸಿಕ್ಕವರಿಗೆ ಹೊಯ್ಸಳದವರಿಗಿಂತ ಕಡಿಮೆ ಸಿಕ್ಕಿತೆಂಬ ಭಾವನೆ ಬರುವುದಿಲ್ಲ. ಸ್ವರ್ಣ, ರಜತ, ತಾಮ್ರ ಎಂದು ಇಟ್ಟಿದ್ದರೆ ತಾಮ್ರ ಸಿಕ್ಕವರು ಮೊದಲ ದಿನವೇ ಜಗಳ ತೆಗೆಯುತ್ತಿದ್ದರು.

ಆದರೆ ಇದೇ ಪಟ್ಟಿ ವಿಷಯದ ಮಿತಿಯನ್ನೂ ತೋರಿಸುತ್ತದೆ. ವಿಜಯನಗರವನ್ನು ಆಳಿದ ಮೊದಲ ಮನೆತನವೇ ಸಂಗಮ. ಹನ್ನೊಂದರ ಲೆಕ್ಕ ತುಂಬುವಾಗ ರಾಜ್ಯವೂ ಅದರ ಮನೆತನವೂ ಎರಡಾಗಿ ಬಂದಿವೆ. ನಮ್ಮ ಗೋವಾದ ಸದಸ್ಯರಿಗಂತೂ ಕದಂಬ ಎಂದರೆ ಅಲ್ಲಿನ ಸರ್ಕಾರಿ ಬಸ್ಸು. ಆದ್ದರಿಂದ ಇಂದು ಇರುವ ಸಂಖ್ಯೆಯ ಎರಡರಷ್ಟು ಹೆಸರುಗಳು ಸಿಗುವಂಥ ವಿಷಯವನ್ನೇ ಆರಿಸಬೇಕು.

ಐದು ಹೌಸ್‌ಬೋಟ್‌ಗಳ ಉದಾಹರಣೆ

ಕಾಸರಗೋಡು ಜಿಲ್ಲೆಯ ವಲಿಯಪರಂಬ ಹಿನ್ನೀರಿನಲ್ಲಿ ಒಬ್ಬರಿಗೆ ಐದು ಹೌಸ್‌ಬೋಟ್ ಇವೆ ಎಂದು ಇಟ್ಟುಕೊಳ್ಳೋಣ. ಥಟ್ಟನೆ ಹೊಳೆಯುವ ವಿಷಯ ಜಿಲ್ಲೆಯ ಹೊಳೆಗಳು: ಚಂದ್ರಗಿರಿ, ಪಯಸ್ವಿನಿ, ತೇಜಸ್ವಿನಿ, ಶಿರಿಯ, ಉಪ್ಪಳ, ಮೊಗ್ರಾಲ್, ನೀಲೇಶ್ವರ, ಕವ್ವಾಯಿ. ಎಂಟು ಹೆಸರು ಇವೆ, ಸಾಕು ಎನಿಸುತ್ತದೆ.

ಒಂದೊಂದನ್ನೂ ಪರೀಕ್ಷಿಸಿ ನೋಡಿ. ಪಯಸ್ವಿನಿ, ತೇಜಸ್ವಿನಿ ಎರಡರ ಕೊನೆಯೂ ಒಂದೇ. ಗಾಳಿಯ ಸದ್ದಿನಲ್ಲಿ ಫೋನಿನಲ್ಲಿ ಕೇಳುವುದು ಬರೀ ‘ಸ್ವಿನಿ’. ಒಂದನ್ನು ಬಿಡಬೇಕು. ಉಪ್ಪಳ, ಮೊಗ್ರಾಲ್, ನೀಲೇಶ್ವರ ಊರುಗಳೂ ಹೌದು. ನೀಲೇಶ್ವರದ ಕೋಟ್ಟಪ್ಪುರಂ ಜೆಟ್ಟಿಯಲ್ಲಿ ನಿಂತು ‘ನೀಲೇಶ್ವರಕ್ಕೆ ಬನ್ನಿ’ ಎಂದರೆ ಊರಿಗೋ ಬೋಟಿಗೋ? ಕವ್ವಾಯಿ ಆ ಹಿನ್ನೀರಿನದೇ ಹೆಸರು. ಶಿರಿಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಓದಿದ ಹೊರಗಿನವರು ಸಿರಿಯಾ ದೇಶ ಎಂದುಕೊಂಡಾರು. ಕೊನೆಗೆ ಉಳಿಯುವುದು ಎರಡೇ. ವಿಷಯ ಚೆನ್ನಾಗಿದ್ದರೂ ಐದಕ್ಕೆ ಸಾಲದು.

ಈಗ ಹೂಗಳನ್ನು ನೋಡೋಣ. ಮಲ್ಲಿಗೆ, ಸಂಪಿಗೆ ಎಂದರೆ ಕನ್ನಡದವರಿಗೆ ಚೆಂದ, ಮಲಯಾಳದಲ್ಲಿ ಅವುಗಳ ಹೆಸರು ಬೇರೆ. ಎರಡೂ ಭಾಷೆಯವರಿಗೆ ಪರಿಚಯವಿರುವ ಸಂಸ್ಕೃತ ಮೂಲದ ಹೆಸರುಗಳನ್ನು ತೆಗೆದುಕೊಂಡರೆ ಪಾರಿಜಾತ, ಚಂಪಕ, ಬಕುಳ, ಮಂದಾರ, ಕೇತಕಿ, ಕಮಲ, ಮಾಲತಿ, ಸೇವಂತಿ ಸಿಗುತ್ತವೆ. ಕಮಲ ಒಂದು ಪಕ್ಷದ ಚಿಹ್ನೆ, ಚುನಾವಣೆ ಬಂದಾಗ ಬೇಡದ ಮಾತು ಬರುತ್ತದೆ. ಅದನ್ನು ಬಿಡಿ. ಮಂದಾರ, ಮಾಲತಿ ಒಂದೇ ಅಕ್ಷರದಿಂದ ಆರಂಭವಾಗುವುದರಿಂದ ಬರೆಯುವ ಹಲಗೆಯಲ್ಲಿ ‘ಮ’ ಎಂದಷ್ಟೇ ಗುರುತು ಹಾಕಿದರೆ ತೊಡಕು. ಮಾಲತಿಯನ್ನೂ ಬಿಡಿ. ಪಾರಿಜಾತ, ಚಂಪಕ, ಬಕುಳ, ಮಂದಾರ, ಕೇತಕಿ ಎಂದು ಐದೂ ಬೇರೆ ಬೇರೆ ಅಕ್ಷರದವು ಉಳಿದವು. ಆರನೆಯ ಬೋಟು ಬಂದರೆ ಸೇವಂತಿ ಕಾದಿದೆ.

ತಮಿಳುನಾಡಿನ ಕಡೆ ವಾಹನ ಇರುವವರು ಇನ್ನೊಂದು ಪರೀಕ್ಷೆ ಮಾಡಬೇಕು. ತಮಿಳು ಲಿಪಿಯಲ್ಲಿ ಕ-ಗ, ಪ-ಬ, ತ-ದ ಜೋಡಿಗಳಿಗೆ ಒಂದೊಂದೇ ಅಕ್ಷರ. ನಾವು ಬೇರೆ ಬೇರೆಯಾಗಿ ಉಚ್ಚರಿಸುವ ಎರಡು ಹೆಸರುಗಳು ಅಲ್ಲಿನ ಬೋರ್ಡಿನ ಮೇಲೆ ಒಂದೇ ಆಗಬಹುದು. ಹೊಸೂರು, ತಾಳವಾಡಿಯವರು ಬಣ್ಣ ಬಳಿಸುವ ಮೊದಲು ಎಲ್ಲ ಹೆಸರುಗಳನ್ನೂ ತಮಿಳಿನಲ್ಲಿ ಬರೆಸಿ, ಊರಿನ ಒಬ್ಬರಿಂದ ಗಟ್ಟಿಯಾಗಿ ಓದಿಸಿ ಕೇಳಬೇಕು.

ಕಾನೂನು ಮತ್ತು ದಾಖಲೆ

ಬೋಟಿನ ಅಥವಾ ವಾಹನದ ಗುರುತು ಕಾನೂನಿಗೆ ನೋಂದಣಿ ಸಂಖ್ಯೆಯೇ, ಇಟ್ಟ ಹೆಸರಲ್ಲ. ವಾಹನದ ನಂಬರ್ ಪ್ಲೇಟಿನ ಮೇಲೆ ಹೆಸರು ಬರೆಯುವಂತಿಲ್ಲ, ಬೇರೆಡೆ ಬರೆಸಬೇಕು. ಸೊಲ್ಲಾಪುರ, ಅಕ್ಕಲಕೋಟೆಯ ಸದಸ್ಯರು ಗಮನಿಸಿ: 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆಯ ಪ್ರಕಾರ ಛತ್ರಪತಿ ಶಿವಾಜಿ ಮಹಾರಾಜರ, ಮಹಾತ್ಮ ಗಾಂಧಿಯವರ ಹೆಸರನ್ನು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ.

ಟ್ರೇಡ್‌ಮಾರ್ಕ್ ಬೇಕಾದವರು ಸಾರಿಗೆ, ಪ್ರವಾಸ ಸೇವೆಗಳಿಗಿರುವ 39ನೆಯ ವರ್ಗದಲ್ಲಿ ಅರ್ಜಿ ಹಾಕುತ್ತಾರೆ. ಸ್ಥಳವನ್ನಷ್ಟೇ ಸೂಚಿಸುವ ಹೆಸರಿಗೆ ಅಲ್ಲಿ ತಕರಾರು ಬರುತ್ತದೆ. ಆದ್ದರಿಂದ ಸಂಸ್ಥೆಗೆ ತನ್ನದೇ ಆದ ಒಂದು ಹೆಸರಿಟ್ಟು ಅದನ್ನು ನೋಂದಾಯಿಸಿ, ಬೋಟಿನ ಹೆಸರನ್ನು ಅದರ ಮುಂದೆ ಸೇರಿಸುವುದು ಉತ್ತಮ.

ಕೊನೆಯದಾಗಿ, ಒಂದು ಪುಸ್ತಕ ಇಡಿ. ಹೆಸರು, ನೋಂದಣಿ ಸಂಖ್ಯೆ, ಕನ್ನಡ, ಸ್ಥಳೀಯ ಭಾಷೆ, ಇಂಗ್ಲಿಷ್ ಮೂರರಲ್ಲೂ ಒಪ್ಪಿದ ಕಾಗುಣಿತ, ಹೆಸರಿಟ್ಟ ದಿನಾಂಕ ಎಂದು ನಾಲ್ಕು ಕಲಮು ಸಾಕು. ಬೋಟಿನ ಹಲಗೆ, ರಸೀದಿ, ಫೋನಿನ ಪಟ್ಟಿ ಎಲ್ಲವೂ ಆ ಪುಸ್ತಕದಂತೆಯೇ ಇರಬೇಕು. ಬೋಟು ಮಾರಿದರೆ ಆ ಹೆಸರನ್ನು ಹೊಸ ಬೋಟಿಗೆ ಕೂಡಲೇ ಇಡಬೇಡಿ. ಕೊಂಡವರು ಹಳೆಯ ಹೆಸರಿನಲ್ಲೇ ಓಡಿಸುತ್ತಿದ್ದರೆ ಒಂದೇ ನೀರಿನಲ್ಲಿ ಎರಡು ಪಾರಿಜಾತ ತೇಲುತ್ತವೆ, ಫೋನು ಬಂದಾಗ ಯಾವುದೆಂದು ಮತ್ತೆ ಕೇಳಬೇಕಾಗುತ್ತದೆ.

ಕಾರ್ಯದರ್ಶಿ