ಟಿಎಂಟಿ ಕಂಬಿಯ ನಂಬರ್ ದೊಡ್ಡದಾದಷ್ಟೂ ಮನೆ ಭದ್ರವೇ?

ಮನೆ ಕಟ್ಟಿಸುವವರ ವಾಟ್ಸಾಪ್ ಗುಂಪುಗಳಲ್ಲಿ ಈ ಸಲಹೆಯನ್ನು ನೀವೂ ನೋಡಿರಬಹುದು: “500ರ ಕಂಬಿ ಬೇಡ, 550 ತಗೊಳ್ಳಿ. ನಂಬರ್ ಜಾಸ್ತಿ ಇದ್ದಷ್ಟೂ ಗಟ್ಟಿ. ಸುಲಭವಾಗಿ ಬಾಗೋ ಕಂಬಿ ಕಳಪೆ.” ಇದು ಅರ್ಧ ಸತ್ಯ. ಬಿಟ್ಟುಹೋದ ಇನ್ನರ್ಧ ಏನೆಂದು ನೋಡೋಣ.

ಆ ನಂಬರ್ ಏನು ಹೇಳುತ್ತದೆ?

ಎಫ್‌ಇ 500 ಎಂದರೆ ಕಂಬಿಯ ಪ್ರತಿ ಚದರ ಮಿಲಿಮೀಟರ್ ಕನಿಷ್ಠ 500 ನ್ಯೂಟನ್, ಅಂದರೆ ಸುಮಾರು 51 ಕೆಜಿಯಷ್ಟು ಎಳೆತವನ್ನು ತಡೆಯುತ್ತದೆ. 12 ಎಂಎಂ ಕಂಬಿಗೆ ಇದು ಐದೂಮುಕ್ಕಾಲು ಟನ್ ಹತ್ತಿರ ಬರುತ್ತದೆ. ಅಲ್ಲಿಯವರೆಗೆ ಎಳೆದು ಬಿಟ್ಟರೆ ಕಂಬಿ ರಬ್ಬರಿನಂತೆ ಮೊದಲಿನ ಉದ್ದಕ್ಕೇ ಮರಳುತ್ತದೆ. ಅದನ್ನು ದಾಟಿದರೆ ಶಾಶ್ವತವಾಗಿ ಹಿಗ್ಗುತ್ತದೆ. ದಾಟಿದ ಮೇಲೆ ಕಂಬಿ ಎಷ್ಟು ಹಿಗ್ಗಿ ತುಂಡಾಗುತ್ತದೆ ಎಂಬುದನ್ನು ಆ ನಂಬರ್ ಹೇಳುವುದೇ ಇಲ್ಲ.

ಹಿಗ್ಗುವ ಗುಣ ಅಳೆಯುವುದು ಹೇಗೆ?

ವಿಧಾನ ಬಹಳ ಸರಳ. 12 ಎಂಎಂ ಕಂಬಿಯ ಮೇಲೆ 60 ಎಂಎಂ ಅಂತರದಲ್ಲಿ, ಅಂದರೆ ವ್ಯಾಸದ ಐದು ಪಟ್ಟು ದೂರದಲ್ಲಿ, ಎರಡು ಗುರುತು ಹಾಕುತ್ತಾರೆ. ಯಂತ್ರದಲ್ಲಿ ಕಚ್ಚಿಸಿ ತುಂಡಾಗುವವರೆಗೆ ಎಳೆಯುತ್ತಾರೆ. ಆಮೇಲೆ ಎರಡು ತುಂಡನ್ನೂ ಜೋಡಿಸಿಟ್ಟು ಗುರುತುಗಳ ಅಂತರ ಅಳೆಯುತ್ತಾರೆ. 69.6 ಎಂಎಂ ಬಂತು ಎನ್ನಿ. 60ಕ್ಕೆ 9.6 ಹೆಚ್ಚಾಯಿತು, ಅಂದರೆ ಶೇ. 16. ಟೆಸ್ಟ್ ಸರ್ಟಿಫಿಕೇಟಿನಲ್ಲಿ ‘ಎಲಾಂಗೇಶನ್’ ಎಂದು ಬರೆಯುವುದು ಇದನ್ನೇ.

ಭಾರತೀಯ ಮಾನದಂಡ ಐಎಸ್ 1786ರ ಪ್ರಕಾರ ಇದು ಎಫ್‌ಇ 500ಕ್ಕೆ ಕನಿಷ್ಠ ಶೇ. 12, ಎಫ್‌ಇ 550ಕ್ಕೆ ಕನಿಷ್ಠ ಶೇ. 10 ಇರಬೇಕು. ಹೆಸರಿನ ಕೊನೆಯಲ್ಲಿ ‘ಡಿ’ ಇರುವ 500ಡಿಗೆ ಶೇ. 16. ಆ ಪುಟ್ಟ ಅಕ್ಷರ ಹಿಗ್ಗುವ ಗುಣವನ್ನೇ ಸೂಚಿಸುತ್ತದೆ. ಫಾರ್ವರ್ಡ್‌ಗಳಲ್ಲಿ ಅದರ ಸುದ್ದಿಯೇ ಇರುವುದಿಲ್ಲ!

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ತುಂಡಾಗುವ ಮೊದಲು ಕಂಬಿ ಒಂದೇ ಕಡೆ ಕತ್ತಿನಂತೆ ಸಣ್ಣಗಾಗುತ್ತದೆ, ಕೊನೆಯ ಹಿಗ್ಗು ಪೂರ್ತಿ ಆ ಜಾಗದ್ದೇ. ನಮ್ಮ 9.6 ಎಂಎಂನಲ್ಲಿ ಅರ್ಧ, ಅಂದರೆ 4.8 ಎಂಎಂ, ಕತ್ತಿನದು ಎಂದುಕೊಳ್ಳಿ. ಅದೇ ಕಂಬಿಗೆ 120 ಎಂಎಂ ದೂರದಲ್ಲಿ ಗುರುತು ಹಾಕಿದ್ದರೆ ಉಳಿದ ಹಿಗ್ಗು ದುಪ್ಪಟ್ಟಾಗಿ 9.6 ಆಗುತ್ತಿತ್ತು, ಕತ್ತಿನದು ಮಾತ್ರ 4.8ರಲ್ಲೇ ಉಳಿಯುತ್ತಿತ್ತು. ಒಟ್ಟು 14.4, ಅಂದರೆ ಶೇ. 12 ಮಾತ್ರ. ಹಾಗಾಗಿ ಎಷ್ಟು ದೂರಕ್ಕೆ ಅಳೆದದ್ದು ಎಂದು ಹೇಳದ ಶೇಕಡಾವಾರಿಗೆ ಅರ್ಥವಿಲ್ಲ.

ಈ ಗೊಂದಲವಿಲ್ಲದ ಇನ್ನೊಂದು ಅಳತೆ, ಕತ್ತು ಎಷ್ಟು ಸಣ್ಣಗಾಯಿತು ಎಂಬುದು. 10 ಎಂಎಂ ವ್ಯಾಸದ ನುಣುಪಾದ ತುಂಡು ಮುರಿದ ಜಾಗದಲ್ಲಿ 6 ಎಂಎಂ ಆಗಿದ್ದರೆ ಅಡ್ಡಕೊಯ್ತದ ವಿಸ್ತೀರ್ಣ 100ಕ್ಕೆ 36 ಉಳಿಯಿತು, ಶೇ. 64 ಇಳಿಯಿತು. ಆದರೆ ಟಿಎಂಟಿ ಕಂಬಿಯ ಮೇಲೆ ಏಣುಗಳಿರುವುದರಿಂದ ವ್ಯಾಸ ಸರಿಯಾಗಿ ಅಳೆಯುವುದು ಕಷ್ಟ.

ಎರಡೂ ಸೇರಿದರೆ ಟಫ್‌ನೆಸ್

ಎಳೆತ ಎಷ್ಟು, ಹಿಗ್ಗು ಎಷ್ಟು ಎಂದು ಗ್ರಾಫ್ ಬರೆದರೆ ಗೆರೆಯ ಕೆಳಗಿನ ಜಾಗವೇ ಕಂಬಿ ನುಂಗಿದ ಶಕ್ತಿ. ಮೊದಲಿನ ನೇರ ಭಾಗದ ಕೆಳಗಿರುವುದು ರೆಸಿಲಿಯೆನ್ಸ್. ಅದು ಸ್ಪ್ರಿಂಗಿನಂತೆ ಹಿಡಿದಿಟ್ಟು ಮರಳಿ ಕೊಡುವ ಶಕ್ತಿ. ತುಂಡಾಗುವವರೆಗಿನ ಪೂರ್ತಿ ಜಾಗ ಟಫ್‌ನೆಸ್.

ಮಾನದಂಡದ ಕನಿಷ್ಠ ಅಂಕಿಗಳನ್ನೇ ಹಿಡಿದು ನಾವು ಅಂದಾಜು ಮಾಡಿದೆವು. ಒಂದು ಘನ ಸೆಂಟಿಮೀಟರಿಗೆ ರೆಸಿಲಿಯೆನ್ಸ್ ಎಫ್‌ಇ 550ಕ್ಕೆ 0.76 ಜೂಲ್, 500ಡಿಗೆ 0.63 ಜೂಲ್. ಇಲ್ಲಿ ದೊಡ್ಡ ನಂಬರೇ ಗೆದ್ದಿತು. ಟಫ್‌ನೆಸ್ ನೋಡಿದರೆ ಲೆಕ್ಕ ತಿರುಗುತ್ತದೆ. ಹಿಗ್ಗು ಶುರುವಾಗುವಾಗಿನ ಎಳೆತ ಮತ್ತು ಗರಿಷ್ಠ ಎಳೆತದ ಸರಾಸರಿಯನ್ನು ಹಿಗ್ಗಿನಿಂದ ಗುಣಿಸಿದರೆ 500ಡಿಗೆ ಸುಮಾರು 85 ಜೂಲ್, 550ಕ್ಕೆ ಸುಮಾರು 57. “ಹೆಚ್ಚು ಗಟ್ಟಿ” ಎನ್ನಿಸಿಕೊಂಡ ಕಂಬಿ ಮೂರರಲ್ಲಿ ಒಂದು ಪಾಲು ಕಡಿಮೆ ಶಕ್ತಿ ತಿಂದು ತುಂಡಾಗುತ್ತದೆ. 550ಡಿ ಕಂಬಿ ಇದ್ದರೆ (ಅದಕ್ಕೆ ಕನಿಷ್ಠ ಶೇ. 14.5) ಸುಮಾರು 83 ಜೂಲ್ ಬರುತ್ತದೆ. ಅಂದರೆ ವ್ಯತ್ಯಾಸ ತಂದದ್ದು 550 ಅಲ್ಲ, ‘ಡಿ’. ಇದು ಕನಿಷ್ಠ ಅಂಕಿಗಳ ಲೆಕ್ಕ. ನಿಮ್ಮ ಅಂಗಡಿಯ ಕಂಬಿ ಇದಕ್ಕಿಂತ ಚೆನ್ನಾಗಿಯೇ ಇರಬಹುದು, ಸರ್ಟಿಫಿಕೇಟ್ ಕೇಳಿ ನೋಡಬೇಕು.

ಭೂಕಂಪದಲ್ಲಿ ಕಟ್ಟಡ ಹಿಂದೆ ಮುಂದೆ ತೂಗುವಾಗ ಕಂಬಿ ಹಿಗ್ಗಿ ಆ ಶಕ್ತಿಯನ್ನು ನುಂಗಬೇಕು. ಭಾರ ಮಿತಿಮೀರಿದ ಬೀಮ್ ಕೂಡ ಕಂಬಿ ಹಿಗ್ಗಿದರೆ ಬಿರುಕು ಬಿಟ್ಟು, ಜೋತು, ಒಳಗಿದ್ದವರಿಗೆ ಹೊರಗೆ ಓಡಲು ಸಮಯ ಕೊಡುತ್ತದೆ. ಹಿಗ್ಗದ ಕಂಬಿ ಆ ಸೂಚನೆಯನ್ನೇ ಕೊಡುವುದಿಲ್ಲ.

ಹಾಗಾದರೆ ಬಾಗುವ ಕಂಬಿಯೇ ಒಳ್ಳೆಯದೇ?

ಅದೂ ಪೂರ್ತಿ ನಿಜವಲ್ಲ. ತೀರಾ ಮೆದುವಾದ ಕಂಬಿಯೂ ಸುಲಭವಾಗಿ ಬಾಗುತ್ತದೆ. ಬಾಗಿದ ಕಡೆ ಹೊರಮೈಯಲ್ಲಿ ಬಿರುಕು ಬಂತೇ ಎಂಬುದನ್ನು ನೋಡಿ. ಬಿರುಕು ಕಂಡರೆ ಆ ಕಂಬಿ ಬೇಡ.

ಇಂಜಿನಿಯರ್ 500ಡಿ ಬರೆದಿದ್ದರೆ ಅವರನ್ನು ಕೇಳದೆ ಅಷ್ಟೇ ಸಂಖ್ಯೆಯ 550 ಕಂಬಿ ಹಾಕಿಸಬೇಡಿ. ಕಂಬಿ ಲೆಕ್ಕಕ್ಕಿಂತ ಬಲವಾದರೆ ಅದು ಹಿಗ್ಗುವ ಮೊದಲೇ ಕಾಂಕ್ರೀಟ್ ಪುಡಿಯಾಗುವ ಅಪಾಯವಿದೆ, ಮತ್ತು ಕಾಂಕ್ರೀಟ್ ಒಡೆಯುವುದು ದಿಢೀರನೆ. ಕಂಬಿ ಇಳಿಸಿಕೊಳ್ಳುವಾಗ ಅದರ ಮೈಮೇಲೆ ಒತ್ತಿರುವ ಗ್ರೇಡ್ ಓದಿ, ಕೊನೆಯಲ್ಲಿ ‘ಡಿ’ ಇದೆಯೇ ನೋಡಿ.