ವಾರ್ಡನ್‌ಗೊಂದು ಬಿನ್ನಹ

ಸತ್ಯಮಂಗಲದ ಹಾಸ್ಟೆಲೊಂದರಲ್ಲಿದ್ದು ಹನ್ನೊಂದನೆಯ ತರಗತಿ ಓದುವ ನಮ್ಮ ತಾಳವಾಡಿ ಕಡೆಯ ಹುಡುಗಿ ಹೋದ ವರ್ಷ ನನ್ನ ಮುಂದೆ ಒಂದು ಕಾಗದ ಹಿಡಿದಳು. ಅಕ್ಕನ ಮದುವೆಗೆ ಊರಿಗೆ ಹೋಗಬೇಕೆಂದು ವಾರ್ಡನ್‌ಗೆ ತಮಿಳಿನಲ್ಲಿ ಬರೆದದ್ದು. ತಲೆಯ ಮೇಲೆ ದಪ್ಪಕ್ಷರದಲ್ಲಿ ‘ವಿಡುಪ್ಪು ವಿಣ್ಣಪ್ಪಂ’ ಎಂದಿತ್ತು, ಅಂದರೆ ರಜಾ ಅರ್ಜಿ. ವಾರ್ಡನ್ ಅದನ್ನು ಹಿಂದಕ್ಕೆ ಕೊಟ್ಟಿದ್ದರು.

“ವಿಣ್ಣಪ್ಪಂ ಅಂದ್ರೆ ಬೇಡ್ಕೊಳ್ಳದು ತಾನೆ ಮಾವ? ಇಷ್ಟೊಂದು ಬೇಡ್ಕಂಡಿವ್ನಿ, ಆದ್ರೂ ಕೊಡ್ನಿಲ್ಲ” ಅಂದಳು.

ಆ ಪದಕ್ಕೆ ಬೇಡುವುದು ಎಂಬ ಅರ್ಥ ಹುಟ್ಟಿನಿಂದ ಬಂದದ್ದಲ್ಲ. ಸಂಸ್ಕೃತದ ‘ವಿಜ್ಞಾಪನ’ ಪ್ರಾಕೃತದ ಬಾಯಲ್ಲಿ ಮೆತ್ತಗಾಗಿ ದಕ್ಷಿಣಕ್ಕೆ ಬಂದು, ತಮಿಳಿನಲ್ಲಿ ವಿಣ್ಣಪ್ಪಂ ಆಯಿತು, ಕನ್ನಡದಲ್ಲಿ ಬಿನ್ನಪವಾಯಿತು. ವರ್ಣ ನಮ್ಮಲ್ಲಿ ಬಣ್ಣ, ಅವರಲ್ಲಿ ವಣ್ಣಂ. ಮೊದಲಕ್ಷರದ ವಕಾರ ಇಲ್ಲಿಯೂ ಹಾಗೆಯೇ ಬಕಾರವಾಗಿದೆ. ಯಜ್ಞ ಜನ್ನವಾದಂತೆ, ಸಂಜ್ಞೆ ಸನ್ನೆಯಾದಂತೆ ನಡುವಿನ ‘ಜ್ಞಾ’ ನಕಾರಕ್ಕೆ ಇಳಿಯಿತು. ಆಮೇಲೆ ಪಾಲು ಹಾಲಾದ ಕಾಲದಲ್ಲಿ ಬಿನ್ನಪವೂ ಬಿನ್ನಹವಾಯಿತು. ಇದನ್ನು ಮಹಾಪ್ರಾಣ ಹಾಕಿ ‘ಭಿನ್ನಹ’ ಎಂದು ಬರೆಯುವವರು ಬಹಳ ಮಂದಿ ಇದ್ದಾರೆ. ಒಡಕು ಎಂಬ ಅರ್ಥದ ‘ಭಿನ್ನ’ಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದರ ಬೇರು ‘ಜ್ಞಾ’, ಅಂದರೆ ತಿಳಿ. ವಿಜ್ಞಾಪನ ಎಂದರೆ ತಿಳಿಯುವಂತೆ ಮಾಡುವುದು. ಹಿರಿಯರ ಮುಂದೆ ನಿಂತು ಸಂಗತಿಯನ್ನು ಅವರ ತಿಳಿವಿಗೆ ತರುವುದೇ ಬಿನ್ನಹ. ತಿಳಿಸುವವನು ಕಿರಿಯ, ಕೇಳುವವರು ದೊಡ್ಡವರು ಆದದ್ದರಿಂದ ಬೇಡಿಕೆಯ ದನಿ ಆಮೇಲೆ ಬಂದು ಸೇರಿಕೊಂಡಿತು.

ಒಂದೇ ಬೇರಿನ ಈ ಎರಡು ಪದಗಳು ಮುಂದೆ ಬೇರೆ ಬೇರೆ ದಾರಿ ಹಿಡಿದವು. ಶ್ರೀರಂಗದ ದೇವಸ್ಥಾನದಲ್ಲಿ ಆಳ್ವಾರರ ಪಾಶುರಗಳನ್ನು ಸ್ವಾಮಿಯ ಮುಂದೆ ಹಾಡಿ ಅಭಿನಯಿಸುವ ಅರೈಯರ್‌ಗಳಿಗೆ ‘ವಿಣ್ಣಪ್ಪಂ ಸೆಯ್‌ವಾರ್’ ಎಂಬ ಹೆಸರುಂಟು. ತಮಿಳಿನಲ್ಲಿ ಆ ಪದ ಗುಡಿಯನ್ನೂ ಬಿಡಲಿಲ್ಲ, ಕಚೇರಿಗೂ ನಡೆದುಬಂತು. ಇಂದು ರೇಷನ್ ಕಾರ್ಡಿಗೂ ಕಾಲೇಜು ಸೀಟಿಗೂ ತುಂಬುವ ನಮೂನೆಯ ಮೇಲೆ ಅದೇ ಇರುತ್ತದೆ. ನಮ್ಮ ಬಿನ್ನಹ ದೇವರ, ಹಿರಿಯರ ಹತ್ತಿರವೇ ಉಳಿಯಿತು. ವೀರಶೈವರ ಮನೆಗಳಲ್ಲಿ ಜಂಗಮರನ್ನು ಊಟಕ್ಕೆ ಕರೆಯುವುದಕ್ಕೆ ಬಿನ್ನಹ ಎನ್ನುತ್ತಾರೆ. ಸನ್ಮಾನ ಸಭೆಯಲ್ಲಿ ಓದುವ ಬಿನ್ನವತ್ತಳೆಯಲ್ಲೂ ಅದು ಅಡಗಿದೆ. ಕನ್ನಡದ ಕಚೇರಿಯಲ್ಲಿ ಮಾತ್ರ ಅರಬ್ಬಿ ಮೂಲದ, ಪಾರಸಿಯ ಮೂಲಕ ಬಂದ ‘ಅರ್ಜಿ’ ಆ ಜಾಗ ಹಿಡಿದುಬಿಟ್ಟಿತು. ಅರ್ಜಿಯೂ ಬಳಸಿ ಬಳಸಿ ನಮ್ಮದೇ ಆದ ಒಳ್ಳೆಯ ಪದ. ಆದರೂ ತಾಳವಾಡಿಯ ಕನ್ನಡದ ಮಕ್ಕಳು ತಮಿಳು ನಮೂನೆಯ ಮೇಲೆ ವಿಣ್ಣಪ್ಪಂ ಎಂದು ಬರೆಯುವಾಗ ತಮ್ಮದೇ ಹಳೆಯ ನುಡಿಯೊಂದರ ಒಡಹುಟ್ಟನ್ನು ಬರೆಯುತ್ತಿದ್ದಾರೆ ಎಂದು ಯಾರೂ ಅವರಿಗೆ ಹೇಳುವುದಿಲ್ಲವಲ್ಲ ಎಂಬ ಕೊರಗು ನನಗಿದೆ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ತಮಿಳಿನ ಕಡೆಯೇ ಉಳಿಯಿತು. ಮನೆಯ ಮಾತು ಒಂದು, ಕಚೇರಿಯ ಬರಹ ಇನ್ನೊಂದು ಎಂಬುದು ಇಲ್ಲಿಯ ಮಕ್ಕಳ ದಿನದ ಬಾಳು.

ಹುಡುಗಿಯ ಕಾಗದಕ್ಕೆ ಬರುತ್ತೇನೆ. ಮೇಲುಗಡೆ ‘ಅನುಪ್ಪುನರ್’, ‘ಪೆರುನರ್’, ಆಮೇಲೆ ‘ಪೊರುಳ್’. ನಾವು ‘ಇವರಿಂದ, ಇವರಿಗೆ, ವಿಷಯ’ ಎಂದು ಬರೆಯುತ್ತೇವಲ್ಲ, ಅದೇ. ಪೊರುಳ್ ನಮ್ಮ ಹಳಗನ್ನಡದ ಪುರುಳ್, ಇಂದಿನ ಹುರುಳು. ಆ ಸಾಲಿನಲ್ಲಿ ಅವಳು ಬರೆದದ್ದು ‘ರಜೆ ಬೇಕಾಗಿರುವ ಬಗ್ಗೆ’ ಎಂದಷ್ಟೇ. ಕೆಳಗೆ ಹನ್ನೆರಡು ಸಾಲು. ಮನೆಯಲ್ಲಿ ಅಕ್ಕನ ಮದುವೆ, ನಾನು ಹೋಗದಿದ್ದರೆ ಎಲ್ಲರಿಗೂ ಬೇಜಾರಾಗುತ್ತದೆ, ಬುಧವಾರ ಸಂಜೆ ಹೊರಡುತ್ತೇನೆ, ದಯಮಾಡಿ ಕಳುಹಿಸಿಕೊಡಿ. ಯಾವತ್ತು ವಾಪಸು ಬರುತ್ತಾಳೆಂದು ಇರಲಿಲ್ಲ. ಯಾರ ಜೊತೆ ಹೋಗುತ್ತಾಳೆಂದು ಇರಲಿಲ್ಲ. ಜೊತೆಗೆ ಲಗ್ನಪತ್ರಿಕೆ ಇಟ್ಟಿದ್ದಳು, ತೊಡಕಾದದ್ದು ಅದರಿಂದಲೇ.

ಲಗ್ನಪತ್ರಿಕೆಯಲ್ಲಿ ವಧುವಿನ ತಂದೆಯ ಹೆಸರು ಬೇರೆ ಇತ್ತು. ಹಾಸ್ಟೆಲಿನ ದಾಖಲೆಯಲ್ಲಿ ಈ ಹುಡುಗಿಗೆ ಇರುವವನು ಒಬ್ಬ ತಮ್ಮ ಮಾತ್ರ. ಅವಳ ಪಾಲಿಗೆ ದೊಡ್ಡಪ್ಪನ ಮಗಳು ಅಕ್ಕನೇ. ನಮ್ಮ ಕಡೆ ‘ದೊಡ್ಡಪ್ಪನ ಮಗಳು’ ಎಂದು ಬಿಡಿಸಿ ಹೇಳಿದರೆ ದೂರ ಮಾಡಿದಂತೆ. ಹಾಗಾಗಿ ಅವಳು ಸುಳ್ಳು ಬರೆದಿರಲಿಲ್ಲ. ಆದರೆ ನೂರಾರು ಮಕ್ಕಳ ಹೊಣೆ ಹೊತ್ತು ಕೂತ ವಾರ್ಡನ್‌ಗೆ ಕಾಣುವುದು ದಾಖಲೆ ಮಾತ್ರ. ಇಲ್ಲದ ಅಕ್ಕನ ಮದುವೆಗೆ ಹುಡುಗಿ ಸಂಜೆ ಹೊತ್ತು ಒಬ್ಬಳೇ ಹೊರಡುತ್ತಾಳೆ ಎಂದೇ ಆ ಕಾಗದ ಅವರಿಗೆ ಹೇಳಿದ್ದು.

ಆ ಸಂಜೆಯ ಮಾತೂ ಸಣ್ಣದಲ್ಲ. ಬಣ್ಣಾರಿ ದಾಟಿದ ಮೇಲೆ ದಿಂಬಂ ಘಾಟಿಯ 27 ತಿರುವು ಹತ್ತಬೇಕು, ಆಮೇಲೆ ಹಾಸನೂರು, ಅಲ್ಲಿಂದ ತಾಳವಾಡಿ. 2013ರಿಂದ ಹುಲಿ ಮೀಸಲು ಪ್ರದೇಶವಾಗಿರುವ ಕಾಡಿನೊಳಗಿನ ದಾರಿ ಅದು, ಆನೆ ಅಡ್ಡ ನಿಂತರೆ ಬಸ್ಸು ಕಾಯಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ಆ ಘಾಟಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ಕಟ್ಟುಪಾಡೂ ಇದೆ. ಬಯಲುಸೀಮೆಯ ಹುಡುಗಿ ‘ಸಂಜೆ ಹೊರಡುತ್ತೇನೆ’ ಎಂದರೆ ನಡೆದೀತು. ನಮ್ಮ ಬೆಟ್ಟದ ಹುಡುಗಿ ಹಾಗೆ ಬರೆದರೆ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಕಾಗದದಲ್ಲಿ ಉತ್ತರ ಇರಬೇಕು.

ಇನ್ನೊಂದು ಸಂಗತಿ ಅವಳಿಗೆ ಗೊತ್ತಿರಲಿಲ್ಲ. ತರಗತಿಯ ಟೀಚರ್ ಬಾಯಿಮಾತಿನಲ್ಲಿ “ಹೋಗಿ ಬಾ” ಅಂದಿದ್ದರು. ಅದು ಹಾಜರಿಗೆ ಸಂಬಂಧಿಸಿದ ಒಪ್ಪಿಗೆ. ರಾತ್ರಿ ಹಾಸ್ಟೆಲಿನಲ್ಲಿ ಇರದಿರಲು ಬೇಕಾದ ಒಪ್ಪಿಗೆ ಬೇರೆ, ಅದನ್ನು ಕೊಡುವವರು ಬೇರೆ. ತಮಿಳಿನಲ್ಲಿ ವಾರ್ಡನ್‌ಗೆ ‘ಕಾಪ್ಪಾಳರ್’ ಎನ್ನುತ್ತಾರೆ. ನಮ್ಮ ಕಾಪು, ಕಾಯು ಎಲ್ಲ ಅದೇ ಬಳಗ. ಮಗು ಗೇಟು ದಾಟಿ ಮನೆಯವರ ಕೈ ಸೇರುವ ತನಕ ಕಾಯುವ ಭಾರ ಅವರದು.

ನಾವಿಬ್ಬರೂ ಕೂತು ಮತ್ತೆ ಬರೆದೆವು. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಅವಳು ತಮಿಳಿಗೆ ಇಳಿಸಿದಳು. ವಿಷಯದ ಸಾಲಿನಲ್ಲೇ ‘ದೊಡ್ಡಪ್ಪನ ಮಗಳ ಮದುವೆಗೆ ಗುರುವಾರದಿಂದ ಭಾನುವಾರದವರೆಗೆ ಊರಿಗೆ ಹೋಗಲು ಅನುಮತಿ ಕೋರಿ’ ಎಂದಾಯಿತು. ಒಳಗಿನ ಒಕ್ಕಣೆ ಇಷ್ಟೇ:

“ನನ್ನ ತಂದೆಯ ಅಣ್ಣನ ಮಗಳ ಮದುವೆ ನಮ್ಮೂರಿನಲ್ಲಿ ನಡೆಯಲಿದೆ. ಗುರುವಾರ ಚಪ್ಪರ, ಶುಕ್ರವಾರ ಬೆಳಿಗ್ಗೆ ಧಾರೆ. ನಾವು ಒಂದೇ ಮನೆಯಲ್ಲಿ ಬೆಳೆದವರಾದ್ದರಿಂದ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಗುರುವಾರ ಬೆಳಿಗ್ಗೆ ನನ್ನ ತಂದೆಯೇ ಹಾಸ್ಟೆಲಿಗೆ ಬಂದು, ರಿಜಿಸ್ಟರಿನಲ್ಲಿ ಸಹಿ ಹಾಕಿ ಕರೆದುಕೊಂಡು ಹೋಗುತ್ತಾರೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಟು ಕತ್ತಲಾಗುವ ಮೊದಲು ಅವರೊಂದಿಗೇ ಹಿಂದಿರುಗುತ್ತೇನೆ. ತಪ್ಪುವ ಎರಡು ದಿನದ ಪಾಠದ ವಿಷಯ ತರಗತಿ ಶಿಕ್ಷಕಿಯವರಿಗೆ ತಿಳಿಸಿದ್ದೇನೆ, ಅವರ ಸಹಿ ಕೆಳಗಿದೆ. ಲಗ್ನಪತ್ರಿಕೆ ಲಗತ್ತಿಸಿದ್ದೇನೆ. ದಯಮಾಡಿ ಅನುಮತಿ ಕೊಡಿ.”

ಕೆಳಗೆ ತಂದೆಯ ಸಹಿ ಮತ್ತು ಫೋನ್ ನಂಬರು. ಅಪ್ಪ ಸಿಮ್ ಬದಲಿಸಿದ್ದರಂತೆ, ಸೇರುವಾಗ ಕೊಟ್ಟ ನಂಬರು ನಡೆಯುತ್ತಿರಲಿಲ್ಲ. ವಾರ್ಡನ್ ಕರೆಮಾಡುವುದು ದಾಖಲೆಯಲ್ಲಿರುವ ನಂಬರಿಗೇ, ಕಾಗದದಲ್ಲಿ ಬರೆದದ್ದನ್ನು ಯಾರು ಬೇಕಾದರೂ ಬರೆದಿರಬಹುದು. ಹಾಗಾಗಿ ಅಪ್ಪನೇ ಮುಂಚಿತವಾಗಿ ಬಂದು ಹೊಸ ನಂಬರನ್ನು ದಾಖಲೆಗೆ ಸೇರಿಸಿದರು.

ಎರಡನೆಯ ಕಾಗದದಲ್ಲಿ ‘ದಯಮಾಡಿ’ ಎಂಬ ಮಾತು ಕೊನೆಯಲ್ಲಿ ಒಂದೇ ಸಲ ಬಂದಿತ್ತು. ಹುಡುಗಿಗೆ ಅಳುಕು. “ಇಷ್ಟ್ ಸಾಕಾ ಮಾವ? ಬೇಡ್ಕೊಂಡಂಗೇ ಇಲ್ವಲ್ಲ” ಅಂದಳು. ಬಿನ್ನಹ ಎಂದರೇನೆಂದು ಆಗ ಹೇಳಿದೆ. ಬೆರಳಿನಲ್ಲಿ ಮೇಜಿನ ಮೇಲೆ ವಿಣ್ಣಪ್ಪಂ, ಅದರ ಕೆಳಗೆ ಬಿನ್ನಪ, ಅದರ ಕೆಳಗೆ ಬಿನ್ನಹ ಎಂದು ಬರೆದು ನೋಡಿದಳು.

ಗುರುವಾರ ಬೆಳಿಗ್ಗೆ ಅಪ್ಪನ ಜೊತೆ ಬಸ್ಸು ಹತ್ತಿದಳು. ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟುವ ಹೊತ್ತಿಗೆ ಮನೆಯಲ್ಲಿದ್ದಳು.