ಎಳೆಮಕ್ಕಳ ಬಿಲ್ಲುಗಾಲು ಮತ್ತು ಚಪ್ಪಟೆ ಪಾದ

ಮಗುವಿನ ಕಣಕಾಲುಗಳನ್ನು ಜೋಡಿಸಿ ನಿಲ್ಲಿಸಿದಾಗ ಮಂಡಿಗಳ ನಡುವೆ ಸಂದು ಉಳಿದರೆ ಅದು ಬಿಲ್ಲುಗಾಲು. ಅಂಗಾಲಿನ ಒಳಬದಿಯ ಕಮಾನು ನೆಲಕ್ಕೆ ತಾಗಿದರೆ ಚಪ್ಪಟೆ ಪಾದ. ನಡೆಯಲು ಕಲಿಯುವ ವಯಸ್ಸಿನಲ್ಲಿ ಎರಡೂ ಬಹುಮಟ್ಟಿಗೆ ಸಹಜ. ಈ ತಿಳಿವಳಿಕೆ ಮಾತ್ರ ಈಚಿನದು.

1650ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗ್ಲಿಸನ್ ಕಾಲನ್ನು ಬಾಗಿಸುವ ರಿಕೆಟ್ಸ್ ರೋಗದ ಕುರಿತು ಲ್ಯಾಟಿನ್‌ನಲ್ಲಿ ಗ್ರಂಥ ಬರೆದ. 1741ರಲ್ಲಿ ಪ್ಯಾರಿಸ್ಸಿನ ನಿಕೊಲಾ ಆಂಡ್ರಿ, ಡೊಂಕಾದ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ ನೆಟ್ಟಗೆ ಮಾಡಬಹುದೆಂದು ಹೇಳಿದ. ಯುರೋಪಿನ ನಗರಗಳಲ್ಲಿ ರಿಕೆಟ್ಸ್ ಹಬ್ಬಿದ್ದ ಕಾಲದಲ್ಲಿ ಬಾಗಿದ ಕಾಲನ್ನು ಕಂಡ ಕೂಡಲೇ ರೋಗವೆನ್ನುವುದು ಅಸಹಜವಾಗಿರಲಿಲ್ಲ. 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ನೇರಳಾತೀತ ದೀಪದ ಬೆಳಕಿನಿಂದ ರಿಕೆಟ್ಸ್ ವಾಸಿಮಾಡಿ ತೋರಿಸಿದ. ಮುಂದೆ ರೋಗ ಇಳಿಮುಖವಾದರೂ ಚೆನ್ನಾಗಿ ಉಂಡು ಬೆಳೆದ ಮಕ್ಕಳಲ್ಲೂ ಬಾಗು ಕಾಣುತ್ತಲೇ ಇತ್ತು.

1975ರಲ್ಲಿ ಫಿನ್‌ಲೆಂಡಿನ ಸಾಲೆನಿಯಸ್ ಮತ್ತು ವಾಂಕ್ಕಾ ಸುಮಾರು 1,300 ಮಕ್ಕಳಲ್ಲಿ ತೊಡೆಮೂಳೆ ಮತ್ತು ಮೊಣಕಾಲ ಕೆಳಗಿನ ಮೂಳೆಯ ನಡುವಿನ ಕೋನವನ್ನು ಅಳೆದು ಪ್ರಕಟಿಸಿದರು. ಹುಟ್ಟುವಾಗ ಸುಮಾರು 15 ಡಿಗ್ರಿಯಷ್ಟು ಹೊರಬಾಗಿದ ಕಾಲು ಒಂದೂವರೆಯಿಂದ ಎರಡು ವರ್ಷದೊಳಗೆ ನೆಟ್ಟಗಾಗುತ್ತದೆ. ಅಲ್ಲಿಗೆ ನಿಲ್ಲದೆ ಒಳಕ್ಕೆ ಬಾಗಿ, ಮೂರನೆಯ ವರ್ಷದ ಹೊತ್ತಿಗೆ ಮಂಡಿಗಳು ಒಂದಕ್ಕೊಂದು ತಾಗುತ್ತವೆ. ಆರೇಳು ವರ್ಷಕ್ಕೆ ದೊಡ್ಡವರ ಕಾಲಿನ ಆಕಾರಕ್ಕೆ ಬರುತ್ತದೆ. ಯಾವ ಪಟ್ಟಿಯೂ ಬೇಡ. ಹಿಂದೆ ಪಟ್ಟಿ ಕಟ್ಟಿ ಸರಿಪಡಿಸಿದೆವೆಂದುಕೊಂಡ ಕಾಲುಗಳಲ್ಲಿ ಹಲವು ತಾವಾಗಿಯೇ ನೆಟ್ಟಗಾದವೇ ಇರಬೇಕು.

ಹೀಗಾಗಿ ಬಾಗಿಗಿಂತ ವಯಸ್ಸು ಮುಖ್ಯ. ಹದಿನಾರು ತಿಂಗಳ ಮಗುವಿನ ಎರಡೂ ಕಾಲು ಒಂದೇ ಸಮ ಬಾಗಿದ್ದು, ಎತ್ತರ ವಯಸ್ಸಿಗೆ ತಕ್ಕಂತಿದ್ದರೆ ಆರು ತಿಂಗಳಿಗೊಮ್ಮೆ ಮಂಡಿಗಳ ಸಂದು ಅಳೆದು ಕಾಯಬಹುದು. ಅದೇ ಬಾಗು ಎರಡೂವರೆ ವರ್ಷದಲ್ಲಿ ಹೆಚ್ಚುತ್ತಿದ್ದರೆ, ಒಂದೇ ಕಾಲಿನಲ್ಲಿದ್ದರೆ, ಹೆಜ್ಜೆಯಿಟ್ಟಾಗ ಮಂಡಿ ಹೊರಕ್ಕೆ ಜರುಗಿದರೆ ಮೂಳೆ ತಜ್ಞರು ನೋಡಬೇಕು. ಅಮೆರಿಕದ ವಾಲ್ಟರ್ ಬ್ಲೌಂಟ್ 1937ರಲ್ಲಿ ವಿವರಿಸಿದ ಕಾಯಿಲೆ ಇಂಥದ್ದು: ಮಂಡಿಯ ಕೆಳಗೆ ಒಳಬದಿಯಲ್ಲಿ ಮೂಳೆಯ ಬೆಳವಣಿಗೆ ಕುಂಠಿತವಾಗಿ ಕಾಲು ಬಾಗುತ್ತಲೇ ಹೋಗುತ್ತದೆ. ಎರಡು ವರ್ಷಕ್ಕೆ ಮುಂಚೆ ಎಕ್ಸ್‌ರೇಯಲ್ಲೂ ಇದನ್ನು ಸಹಜ ಬಾಗಿನಿಂದ ಬೇರ್ಪಡಿಸುವುದು ಕಷ್ಟ. ಮಗು ಕುಳ್ಳಗಿದ್ದು ಮಣಿಕಟ್ಟು ದಪ್ಪಗಿದ್ದರೆ ರಿಕೆಟ್ಸ್ ಶಂಕಿಸಿ ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಡಿ ವಿಟಮಿನ್‌ಗಳನ್ನು ನೋಡುತ್ತಾರೆ.

ಚಪ್ಪಟೆ ಪಾದದ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಮಣಿಪಾಲದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದ ವರದಿಯಂತೆ, ಪಾದರಕ್ಷೆ ತೊಡುವವರಲ್ಲಿ ಶೇ. 8.6ರಷ್ಟು, ಬರಿಗಾಲಿನವರಲ್ಲಿ ಶೇ. 2.8ರಷ್ಟು ಮಕ್ಕಳಿಗೆ ಚಪ್ಪಟೆ ಪಾದವಿತ್ತು. ಮುಂಭಾಗ ಮುಚ್ಚಿದ ಬೂಟು ತೊಡುವವರಲ್ಲಿ ಅದು ಹೆಚ್ಚು. ಎಳೆಮಗುವಿನ ಪಾದದಲ್ಲಿ ಕೊಬ್ಬು ತುಂಬಿ, ಕೀಲುಗಳು ಸಡಿಲವಾಗಿರುವುದರಿಂದ ಕಮಾನು ಕಾಣದು. ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿದರೆ ಬೂಟಿನೊಳಗಿನ ಮೆತ್ತೆಯ ಅಗತ್ಯವಿಲ್ಲ. ಆಗಲೂ ಮೂಡದೆ ಪಾದ ಬಿರುಸಾಗಿದ್ದರೆ ಅಥವಾ ನೋಯುತ್ತಿದ್ದರೆ ತಜ್ಞರ ಪರೀಕ್ಷೆ ಬೇಕು.